ಅಮ್ಮಿಯ ಎರಡು ರಿಪೋರ್ಟುಗಳು

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೇ ತರಗತಿಯ ನಂತರ ಬಯಾಲಜಿ ಪುಸ್ತಕ ಮುಟ್ಟಿಲ್ಲ. ಆದರೂ ಥೈರಾಯ್ಡ್ ಬಗ್ಗೆ ಬರೆಯುತ್ತಿದ್ದೇನೆ. ಏಕೆಂದರೆ ಈ ಹಾರ್ಮೋನು ಕಡಿಮೆಯಾದರೆ ಏನಾಗುತ್ತದೆ, ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಒಂದೇ ವರ್ಷದಲ್ಲಿ ನಮ್ಮ ಅಮ್ಮಿಯಲ್ಲೇ ನೋಡಿದೆ.

ಕಳೆದ ವರ್ಷ ಗುತ್ತೂರಿನ ಬಿಸಿಲಿನಲ್ಲೂ ಅಮ್ಮಿ ಫ್ಯಾನ್ ಆರಿಸಿ ಶಾಲು ಹೊದ್ದುಕೊಳ್ಳುತ್ತಿದ್ದರು. ಊಟ ಕಡಿಮೆ ಮಾಡಿದರೂ ತೂಕ ಏರುತ್ತಿತ್ತು. ಮುಖ ಊದಿಕೊಂಡಿತ್ತು, ಮಲಬದ್ಧತೆ ಇತ್ತು, ಕೂತಲ್ಲೇ ನಿದ್ದೆ ಬರುತ್ತಿತ್ತು. ವಯಸ್ಸಾಯಿತು ಎಂದು ನಾವು ಸುಮ್ಮನಿದ್ದೆವು. ದಾವಣಗೆರೆಯ ಡಾಕ್ಟರು ನಾಡಿ ಹಿಡಿದು ನೋಡಿದರು. ನಿಮಿಷಕ್ಕೆ 56. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 38 ಬಂತು. ಸಾಮಾನ್ಯವಾಗಿ ಅದು ಸುಮಾರು 0.4ರಿಂದ 4ರ ಒಳಗಿರಬೇಕು.

38 ಎಂದರೆ ಥೈರಾಯ್ಡ್ ಜಾಸ್ತಿಯಾಗಿದೆ ಎಂದುಕೊಂಡೆ. ಅದು ತಪ್ಪು. ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನಲ್ಲ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ, ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡಿಗೆ ಕಳಿಸುವ ತಗಾದೆ ಪತ್ರ ಅದು. ಬಾಕಿ ಬರದಿದ್ದರೆ ಅಂಗಡಿಯವರು ಮತ್ತೆ ಮತ್ತೆ ಪತ್ರ ಬರೆಯುತ್ತಾರಲ್ಲ, ಹಾಗೆ. ಹಾರ್ಮೋನು ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ, ಹಾರ್ಮೋನು ತುಂಬಿ ತುಳುಕಿದರೆ ಟಿಎಸ್‌ಎಚ್ ಸೊನ್ನೆಯ ಹತ್ತಿರ ಬರುತ್ತದೆ.

ಥೈರಾಯ್ಡ್ ಹೆಚ್ಚಾಗಿ ಟಿ4 ಎಂಬ ಹಾರ್ಮೋನನ್ನು ಬಿಡುತ್ತದೆ. ಲಿವರ್ ಮುಂತಾದ ಅಂಗಗಳಲ್ಲಿ ಅದು ಟಿ3 ಆಗಿ ಬದಲಾಗಿ, ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ಹೋಗಿ, ಕೆಲಸ ಎಷ್ಟು ವೇಗವಾಗಿ ನಡೆಯಬೇಕು ಎಂದು ತೀರ್ಮಾನಿಸುತ್ತದೆ. ಟಿ3 ಕಡಿಮೆಯಾದರೆ ಜೀವಕೋಶ ಕಡಿಮೆ ಆಮ್ಲಜನಕ ಬಳಸುತ್ತದೆ, ಕಡಿಮೆ ಶಾಖ ಹುಟ್ಟಿಸುತ್ತದೆ. ಅಮ್ಮಿಗೆ ಚಳಿಯಾಗಿದ್ದು ಇದರಿಂದಲೇ. ಏರಿದ ತೂಕದಲ್ಲೂ ಕೊಬ್ಬಿಗಿಂತ ದೇಹದಲ್ಲಿ ನಿಂತ ಉಪ್ಪು, ನೀರಿನ ಪಾಲೇ ಹೆಚ್ಚು ಎಂದು ಡಾಕ್ಟರು ಹೇಳಿದರು.

ದಿನಕ್ಕೆ 75 ಮೈಕ್ರೋಗ್ರಾಂ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಅಮ್ಮಿ ಮೊದಲಿನಂತಾದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮದುವೆಯೊಂದರಲ್ಲಿ ಯಾರೋ, "ಎರಡು ಮಾತ್ರೆ ತಗೊಂಡ್ರೆ ತೂಕ ಬೇಗ ಇಳಿಯುತ್ತೆ" ಎಂದಿದ್ದರು. ಅಮ್ಮಿ ನಮಗೆ ಹೇಳದೆ ಹಾಗೇ ಮಾಡಿದರು.

ತೂಕ ಇಳಿಯಿತು, ನಿಜ. ಹಸಿವು ಹೆಚ್ಚಾಗಿದ್ದರೂ ಇಳಿಯಿತು. ಆದರೆ ಈ ಸ್ಥಿತಿಯಲ್ಲಿ ಕರಗುವುದು ಕೊಬ್ಬು ಮಾತ್ರವಲ್ಲ, ಸ್ನಾಯು ಕೂಡ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತಿತ್ತು. ಚಹಾದ ಕಪ್ಪು ಹಿಡಿದ ಕೈ ನಡುಗುತ್ತಿತ್ತು. ಒಂದು ರಾತ್ರಿ ಅಮ್ಮಿ ಎದ್ದು ಕೂತು, ಎದೆ ಡವಡವ ಎನ್ನುತ್ತಿದೆ ಎಂದರು. ಗಡಿಯಾರ ನೋಡಿ ನಾಡಿ ಎಣಿಸಿದೆ. ಸುಮ್ಮನೆ ಕೂತಿದ್ದಾಗಲೂ 112. ಬೆಳಿಗ್ಗೆ ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.03.

ಹೃದಯ ಹೀಗೇಕೆ ಓಡಿತು? ಟಿ3 ಹೃದಯದ ಬಡಿತವನ್ನೂ ಬಲವನ್ನೂ ನೇರವಾಗಿ ಹೆಚ್ಚಿಸುತ್ತದೆ, ಅಡ್ರಿನಲಿನ್‌ಗೆ ಅದು ಹೆಚ್ಚು ಸ್ಪಂದಿಸುವಂತೆಯೂ ಮಾಡುತ್ತದೆ. ಇದು ಮುಂದುವರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಬಡಿತದ ಲಯವೇ ತಪ್ಪಿ, ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಕಡಿಮೆಯಾದಾಗಲೂ ಹೃದಯಕ್ಕೆ ಕ್ಷೇಮವಿಲ್ಲ. ಬಡಿತ ನಿಧಾನವಾಗುತ್ತದೆ, ಲಿವರ್ ಕೊಲೆಸ್ಟ್ರಾಲನ್ನು ರಕ್ತದಿಂದ ಸರಿಯಾಗಿ ತೆಗೆಯುವುದಿಲ್ಲ.

ಬೆಳೆಯುವ ಮಕ್ಕಳಲ್ಲಿ ಏನಾಗುತ್ತದೆ ಎಂದು ಡಾಕ್ಟರನ್ನು ಕೇಳಿದೆ. ಕಡಿಮೆಯಾದರೆ ಎತ್ತರ ನಿಲ್ಲುತ್ತದೆ, ಮೂಳೆ ವಯಸ್ಸಿಗೆ ತಕ್ಕಂತೆ ಬಲಿಯುವುದಿಲ್ಲ. ಹೆಚ್ಚಾದರೆ ಮಗು ಬೇಗ ಎತ್ತರವಾಗುತ್ತದೆ, ಆದರೆ ಮೂಳೆಯೂ ಬೇಗ ಬಲಿಯುವುದರಿಂದ ಕೊನೆಗೆ ಲಾಭವಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು ಹುಟ್ಟಿನಿಂದಲೇ ಇರುವ ಕೊರತೆ. ಮೊದಲ ಎರಡು ಮೂರು ವರ್ಷ ಮೆದುಳು ಬೆಳೆಯಲು ಈ ಹಾರ್ಮೋನು ಬೇಕೇ ಬೇಕು. ಆಗ ಆದ ನಷ್ಟವನ್ನು ಆಮೇಲೆ ಮಾತ್ರೆ ಕೊಟ್ಟು ತುಂಬಲಾಗುವುದಿಲ್ಲ. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುವುದರಿಂದ, ಎರಡು ಮೂರನೇ ದಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ. ಎರಡು ವಾರದೊಳಗೆ ಔಷಧಿ ಶುರುವಾದರೆ ಮಗು ಸಾಮಾನ್ಯವಾಗಿ ಎಲ್ಲರಂತೆ ಬೆಳೆಯುತ್ತದೆ.

ಡಾಕ್ಟರು ಕೆಲವು ದಿನ ಮಾತ್ರೆ ನಿಲ್ಲಿಸಿ, ಮತ್ತೆ 75ರಿಂದ ಶುರು ಮಾಡಿಸಿದರು. ಆದರೆ ಮರುದಿನವೇ ಎದೆಬಡಿತ ಇಳಿಯಲಿಲ್ಲ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಡೋಸ್ ಬದಲಿಸಿದರೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡುವುದೂ ಈ ನಿಧಾನದಿಂದಲೇ. ನಮ್ಮ ಸರದಿ ಬಂದಾಗ 2.4 ಇತ್ತು, ನಾಡಿ 74.

ಈಗ ಮಾತ್ರೆಯ ಡಬ್ಬಿ ನನ್ನ ಬಳಿ ಇದೆ. ದಿನಕ್ಕೆ ಒಂದೇ ಮಾತ್ರೆ ಕೊಡುತ್ತೇನೆ. ಭಾನುವಾರ ನಾಡಿ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. "ಲೆಕ್ಕ ಇಡೋದು ನಿನಗೆ ಬರುತ್ತಲ್ಲ" ಎಂದು ಅಮ್ಮಿ ನಗುತ್ತಾರೆ.