ಬ್ಲಡ್ ಕ್ಯಾನ್ಸರ್‌ಗೆ ದಿನಕ್ಕೊಂದು ಗುಳಿಗೆ: ರಿಪೋರ್ಟ್ ನಾರ್ಮಲ್ ಬಂತು ಅಂತ ಯಾಕೆ ಬಿಡಬಾರದು?

ಕಕ್ಕೇರಾ: ಬ್ಲಡ್ ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕಡೆ ಮಂದಿ ಕೈ ಚೆಲ್ಲಿ ಕೂಡ್ತಾರೆ. ಆದರೆ ಬ್ಲಡ್ ಕ್ಯಾನ್ಸರ್ ಎಲ್ಲಾ ಒಂದೇ ಅಲ್ಲ. ಅದರಲ್ಲಿ ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನೋದು ನಿಧಾನಕ್ಕೆ ಬೆಳೆಯುವ ಒಂದು ಬಗೆ. ಇದಕ್ಕೆ ಹೆಚ್ಚಿನವರು ದಿನಕ್ಕೊಂದು ಗುಳಿಗೆ ನುಂಗಿಕೊಂಡು ಹೊಲ, ಅಂಗಡಿ, ಸಂಸಾರ ಎಲ್ಲಾ ನಡೆಸಬಹುದು. ತೊಂದರೆ ಬರೋದು ಬಹಳ ಸಲ ಗುಳಿಗೆ ಸಿಗದೆ ಅಲ್ಲ, ಆರಾಮ ಆಯ್ತು ಅಂತ ನಾವೇ ಬಿಟ್ಟಾಗ.

ಕಾಯಿಲೆ ಹೇಗೆ ಗೊತ್ತಾಗುತ್ತೆ?

ಸುಸ್ತು, ತೂಕ ಇಳಿಯೋದು, ರಾತ್ರಿ ಬೆವರು, ಎಡಗಡೆ ಪಕ್ಕೆಲುಬಿನ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂಗ ಆಗೋದು. ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ದೊಡ್ಡದಾಗಿರೋದೇ ಈ ಭಾರಕ್ಕೆ ಕಾರಣ. ಕೆಲವರಿಗೆ ಯಾವ ಲಕ್ಷಣವೂ ಇರಲ್ಲ, ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಸಿಕ್ಕಿಬೀಳುತ್ತೆ.

ಬಿಳಿ ರಕ್ತಕಣ ಸಾಮಾನ್ಯವಾಗಿ 4 ಸಾವಿರದಿಂದ 11 ಸಾವಿರದೊಳಗೆ ಇರಬೇಕು. ಸೋಂಕು ಆದಾಗಲೂ ಅದು ಏರುತ್ತೆ, ಆಮೇಲೆ ಇಳಿಯುತ್ತೆ. ಸಿಎಂಎಲ್‌ನಲ್ಲಿ ಒಂದು ಲಕ್ಷ, ಎರಡು ಲಕ್ಷ ದಾಟಬಹುದು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೂಳೆಯೊಳಗಿನ ಮಜ್ಜೆಯಲ್ಲೇ ಇರಬೇಕಾದ ಎಳೆ ಕಣಗಳು ರಕ್ತದಲ್ಲಿ ತಿರುಗಾಡ್ತಾ ಇರೋದು ಕಾಣುತ್ತೆ. ಅನುಮಾನ ಬರೋದು ಇಲ್ಲಿ. ಖಚಿತ ಆಗೋದು ಮಾತ್ರ ಬಿಸಿಆರ್-ಎಬಿಎಲ್ ಅನ್ನೋ ಜೀನ್ ಪರೀಕ್ಷೆಯಿಂದ.

ಆ ಜೀನ್ ಅಂದ್ರೆ ಏನು?

ನಮ್ಮ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇರ್ತಾವೆ. ಮಜ್ಜೆಯ ಒಂದೇ ಒಂದು ಕೋಶದಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮ್ ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಳ್ತವೆ. 9ರಲ್ಲಿದ್ದ ಎಬಿಎಲ್ ಜೀನ್ ಹೋಗಿ 22ರಲ್ಲಿರುವ ಬಿಸಿಆರ್ ಪಕ್ಕ ಕೂಡುತ್ತೆ. ಎರಡೂ ಸೇರಿ ಹೊಸ ಜೀನ್ ಆಗುತ್ತೆ. ಗಿಡ್ಡ ಆದ ಆ 22ನೇ ಕ್ರೋಮೋಸೋಮ್ ಅನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್, ಹಂಗರ್ಫರ್ಡ್ ಅನ್ನುವ ಇಬ್ಬರು 1960ರಲ್ಲಿ ಗುರುತಿಸಿದರು. ಅದು ಅದಲುಬದಲಿನಿಂದ ಆಗಿದ್ದು ಅಂತ 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ.

ಹೊಲದ ಮೋಟರ್ ನೆನಪು ಮಾಡ್ಕೊಳ್ಳಿ. ಎಬಿಎಲ್ ಒಂದು ಸ್ಟಾರ್ಟರ್ ಇದ್ದಂಗ. ಬೇಕಾದಾಗ ಆನ್, ಬೇಡವಾದಾಗ ಆಫ್. ಬಿಸಿಆರ್ ಜೊತೆ ಅಂಟಿದ ಮೇಲೆ ಆ ಸ್ಟಾರ್ಟರ್ ಆನ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. 'ಬೆಳಿ, ಬೆಳಿ' ಅನ್ನೋ ಸಂದೇಶ ಹಗಲು ರಾತ್ರಿ ಹೋಗ್ತಾನೇ ಇರುತ್ತೆ, ಬಿಳಿ ಕಣ ಹುಟ್ಟುತ್ತಾನೇ ಇರ್ತಾವೆ.

ಈ ಬದಲಾವಣೆ ಹುಟ್ಟಿನಿಂದ ಬಂದಿದ್ದಲ್ಲ. ಹಾಗಾಗಿ ತಂದೆ-ತಾಯಿಯಿಂದ ಮಕ್ಕಳಿಗೆ ಹೋಗಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟಲ್ಲ.

ಗುಳಿಗೆ ಏನು ಮಾಡುತ್ತೆ?

ಮೊದಲು ಕೊಡುತ್ತಿದ್ದ ಔಷಧಗಳು ಕಣಗಳ ಸಂಖ್ಯೆ ಇಳಿಸುತ್ತಿದ್ದವು, ಸ್ಟಾರ್ಟರ್ ಮುಟ್ಟುತ್ತಿರಲಿಲ್ಲ. ಅವುಗಳಿಂದ ಕಾಯಿಲೆ ಬಹಳ ದಿನ ತಡೆಯೋಕೆ ಆಗ್ತಿರಲಿಲ್ಲ. ಕೆಲವೇ ವರ್ಷದಲ್ಲಿ ಅದು ಕೆರಳಿ, ವೇಗವಾಗಿ ಕೊಲ್ಲುವ ರೂಪಕ್ಕೆ ತಿರುಗುತ್ತಿತ್ತು. ಮಜ್ಜೆ ಕಸಿ ಮಾಡಿಸುವ ದಾರಿ ಇತ್ತು, ಆದರೆ ಅದಕ್ಕೆ ಹೊಂದುವ ದಾನಿ ಬೇಕು, ರೊಕ್ಕ ಬೇಕು, ಜೀವಕ್ಕೆ ಅಪಾಯವೂ ಇತ್ತು.

ಇಮಾಟಿನಿಬ್ ಬೇರೆ ಥರ. ಸ್ಟಾರ್ಟರ್‌ಗೆ ಕರೆಂಟ್ ಬರೋ ಜಾಗದಲ್ಲೇ ಹೋಗಿ ಇದು ಕೂತುಬಿಡುತ್ತೆ. ಕೋಶದೊಳಗೆ ಕರೆಂಟ್ ಥರ ಕೆಲಸ ಮಾಡೋ ಎಟಿಪಿ ಒಳಗೆ ಬರೋಕೆ ಜಾಗನೇ ಇಲ್ಲದಂಗ ಆಗುತ್ತೆ. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲು ಇದನ್ನೇ ಶುರು ಮಾಡಿದ ರೋಗಿಗಳನ್ನು ದೊಡ್ಡ ಅಧ್ಯಯನವೊಂದು ಹಿಂಬಾಲಿಸಿದಾಗ, 10 ವರ್ಷದ ನಂತರ ಬದುಕಿದ್ದವರು ಅಂದಾಜು 100ಕ್ಕೆ 83.

ಬೆಲೆ ಹೇಗೆ ಇಳಿಯಿತು?

ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಗುಳಿಗೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಆಗ್ತಿತ್ತು. ಅದೇ ಔಷಧವನ್ನು ಭಾರತದ ಕಂಪನಿಗಳು ಸುಮಾರು 8ರಿಂದ 10 ಸಾವಿರಕ್ಕೆ ಕೊಡುತ್ತಿದ್ದವು. ಔಷಧದ ಒಂದು ಹರಳು ರೂಪಕ್ಕೆ ಪೇಟೆಂಟ್ ಬೇಕು ಅಂತ ನೊವಾರ್ಟಿಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟ್ ಅದನ್ನು ತಿರಸ್ಕರಿಸಿತು. ಹಳೇ ವಸ್ತುವಿನ ಹೊಸ ರೂಪ, ಚಿಕಿತ್ಸೆಯಲ್ಲಿ ಹೆಚ್ಚಿನ ಗುಣ ತೋರಿಸದಿದ್ದರೆ ಪೇಟೆಂಟ್ ಇಲ್ಲ ಅನ್ನೋದು ಅದರ ಸಾರ. ಇವತ್ತು ಮೆಡಿಕಲ್‌ನಲ್ಲಿ ಕಡಿಮೆ ಬೆಲೆಗೆ ಬೇರೆ ಬೇರೆ ಹೆಸರಲ್ಲಿ ಇಮಾಟಿನಿಬ್ ಸಿಗೋದಕ್ಕೆ ಇದೂ ಒಂದು ಕಾರಣ.

ನಾರ್ಮಲ್ ಬಂದರೂ ಯಾಕೆ ಬಿಡಬಾರದು?

ಅರ್ಥ ಆಗಲಿ ಅಂತ ಒಂದು ಕಾಲ್ಪನಿಕ ಉದಾಹರಣೆ. ಒಬ್ಬ ಕಿರಾಣಿ ಅಂಗಡಿಯವರಿಗೆ ಬಿಳಿ ಕಣ 1 ಲಕ್ಷ 80 ಸಾವಿರ ಇತ್ತು ಅಂದ್ಕೊಳ್ಳಿ. ದಿನಾ 400 ಮಿಲಿಗ್ರಾಂ ಇಮಾಟಿನಿಬ್ ಶುರುವಾಯಿತು. ಎರಡು ತಿಂಗಳಲ್ಲಿ ಕಣ 7 ಸಾವಿರಕ್ಕೆ ಬಂತು, ಹೊಟ್ಟೆಯ ಭಾರ ಹೋಯಿತು. ಅವರಿಗೆ ಕಾಯಿಲೆ ಮುಗೀತು ಅನಿಸುತ್ತೆ.

ಆದರೆ ಸಾಮಾನ್ಯ ರಕ್ತ ಪರೀಕ್ಷೆ ಮೇಲ್ಮೈ ಮಾತ್ರ ನೋಡುತ್ತೆ. ಒಳಗೆ ಎಷ್ಟು ಉಳಿದಿದೆ ಅಂತ ಹೇಳೋದು ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ. ಇದನ್ನು ಮೂರು ತಿಂಗಳಿಗೊಮ್ಮೆ ಮಾಡಿಸ್ತಾರೆ. ಮೂರು ತಿಂಗಳಿಗೆ ಶೇ 10ಕ್ಕಿಂತ, ಆರು ತಿಂಗಳಿಗೆ ಶೇ 1ಕ್ಕಿಂತ, ವರ್ಷಕ್ಕೆ ಶೇ 0.1ಕ್ಕಿಂತ ಜಾಸ್ತಿ ಇರಬಾರದು ಅನ್ನೋದು ಗುರಿ. ನಮ್ಮ ಅಂಗಡಿಯವರಿಗೆ ಮೂರು ತಿಂಗಳಿಗೆ ಶೇ 8, ಆರಕ್ಕೆ ಶೇ 0.9 ಬಂತು. ಎರಡೂ ಸರಿ. ಆಮೇಲೆ ಸುಗ್ಗಿ, ಮದುವೆ ಅಂತ ಗುಳಿಗೆ ತಪ್ಪುತ್ತಾ ಹೋಯಿತು. ವರ್ಷದ ಪರೀಕ್ಷೆಯಲ್ಲಿ ಶೇ 6. ಬಿಳಿ ಕಣ ಆಗಲೂ ನಾರ್ಮಲ್ಲೇ ಇತ್ತು!

ಲೆಕ್ಕ ನೋಡಿ. ಕಾಯಿಲೆ ಪತ್ತೆ ಆದಾಗ ದೇಹದಲ್ಲಿ ಅಂದಾಜು ಒಂದು ಲಕ್ಷ ಕೋಟಿ ಕೆಟ್ಟ ಕಣ ಇರಬಹುದು. ಶೇ 0.1ಕ್ಕೆ ಇಳಿದರೂ ಇನ್ನೂ 100 ಕೋಟಿ ಉಳೀತು. ಗುಳಿಗೆ ಅವುಗಳ ಸ್ಟಾರ್ಟರ್ ಆಫ್ ಇಟ್ಟಿರುತ್ತೆ, ಅಷ್ಟೇ. ತೆಗೆದರೆ ಮತ್ತೆ ಆನ್.

ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 87 ರೋಗಿಗಳು ಗುಳಿಗೆ ಎಷ್ಟು ತಪ್ಪದೆ ನುಂಗ್ತಾರೆ ಅಂತ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಎದ್ದು ಕಾಣುತ್ತೆ. ಶೇ 90ಕ್ಕಿಂತ ಹೆಚ್ಚು ಗುಳಿಗೆ ನುಂಗಿದವರಲ್ಲಿ ಬಹುತೇಕ ಎಲ್ಲರೂ ಶೇ 0.1ರ ಗುರಿ ಮುಟ್ಟಿದರು. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಮೂರರಲ್ಲಿ ಒಬ್ಬರೂ ಮುಟ್ಟಲಿಲ್ಲ. ಶೇ 90 ಅಂದರೆ ತಿಂಗಳಿಗೆ ತಪ್ಪಿದ್ದು ಬರೀ ಮೂರು ಗುಳಿಗೆ.

ಬೆಂಗಳೂರು, ಪುಣೆ, ಗೋವಾ ಕಡೆ ದುಡಿಯೋಕೆ ಹೋಗುವವರು ಇದನ್ನು ನೆನಪಿಡಬೇಕು. ಊರು ಬಿಡುವ ಮೊದಲೇ ಆಸ್ಪತ್ರೆಯಲ್ಲಿ ಹೇಳಿ, ಸಾಕಾಗುವಷ್ಟು ಗುಳಿಗೆ ಮತ್ತು ಹಳೇ ರಿಪೋರ್ಟ್ ಕೈಯಲ್ಲಿ ಇಟ್ಕೊಳ್ಳಿ.

ಗುಳಿಗೆ ನುಂಗುವಾಗ

ಊಟದ ಜೊತೆ, ದೊಡ್ಡ ಗ್ಲಾಸ್ ನೀರಿನಲ್ಲಿ ನುಂಗಬೇಕು. ಖಾಲಿ ಹೊಟ್ಟೆಗೆ ವಾಕರಿಕೆ ಜಾಸ್ತಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಕಣ್ಣಿನ ಸುತ್ತ ಬಾವು, ಕಾಲು ಸೆಳೆತ, ಭೇದಿ, ಚರ್ಮದ ಬಣ್ಣ ತಿಳಿಯಾಗೋದು ಕಾಣಿಸಬಹುದು. ಇದಕ್ಕೆಲ್ಲ ಡಾಕ್ಟರ್ ಪರಿಹಾರ ಕೊಡ್ತಾರೆ, ನೀವೇ ಬಿಡಬೇಡಿ. ಟಿಬಿಗೆ ಕೊಡುವ ರಿಫಾಂಪಿಸಿನ್ ಇಮಾಟಿನಿಬ್‌ನ ಬಲ ಇಳಿಸುತ್ತೆ, ಹಾಗಾಗಿ ಬೇರೆ ಯಾವುದೇ ಔಷಧ, ನಾಟಿ ಔಷಧ ಸೇರಿ, ಹೇಳಿಯೇ ತಗೋಬೇಕು. ಈ ಗುಳಿಗೆ ನುಂಗುವ ಹೆಣ್ಣುಮಕ್ಕಳು ಮಗು ಬೇಕಂದರೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಬೇಕು.

ಗುಳಿಗೆ ಸರಿಯಾಗಿ ನುಂಗಿದರೂ ಪಿಸಿಆರ್ ಏರಿದರೆ ಸ್ಟಾರ್ಟರ್‌ನ ಆಕಾರವೇ ಬದಲಾಗಿರಬಹುದು. ಆಗ ಮ್ಯುಟೇಷನ್ ಪರೀಕ್ಷೆ ಮಾಡಿ ಡಾಸಾಟಿನಿಬ್, ನಿಲೋಟಿನಿಬ್‌ನಂಥ ಬೇರೆ ಗುಳಿಗೆಗೆ ಬದಲಿಸ್ತಾರೆ. ಹಲವು ವರ್ಷ ಪಿಸಿಆರ್‌ನಲ್ಲಿ ಏನೂ ಕಾಣದಷ್ಟು ಇಳಿದವರಿಗೆ ಡಾಕ್ಟರೇ ನಿಲ್ಲಿಸಿ ನೋಡೋದೂ ಉಂಟು. ಆದರೂ ಅವರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆ ತಿರುಗಿ ಬರುತ್ತೆ, ಅದಕ್ಕೇ ತಿಂಗಳು ತಿಂಗಳು ಪರೀಕ್ಷೆ ಮಾಡ್ತಾರೆ.

ಎಲ್ಲಿಗೆ ಹೋಗಬೇಕು?

ಬಿಳಿ ಕಣದ ಮೊದಲ ಪರೀಕ್ಷೆ ಸುರಪುರ ತಾಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದು. ಅನುಮಾನ ಬಂದರೆ ಮುಂದೆ ಕಲಬುರಗಿಯ ಕಿದ್ವಾಯಿ ಕೇಂದ್ರ ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಬಿಪಿಎಲ್ ಕಾರ್ಡ್, ಆಧಾರ್ ತಗೊಂಡು ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತೆ ಅಂತ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಪಿಸಿಆರ್ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲ್‌ನಲ್ಲಿ ಇಡಿ. ಡಾಕ್ಟರ್ ಮೊದಲು ಕೇಳೋದೇ ಅದನ್ನ.