ದೀರ್ಘಕಾಲ ಸೇವೆ ಸಲ್ಲಿಸಿದ ಸದಸ್ಯರ ನಿಧನ: ನಡವಳಿ ಪುಸ್ತಕದಲ್ಲಿ ಸಂತಾಪ ನಿರ್ಣಯ

ಗ್ರಾಮ ಪಂಚಾಯತಿಯ ಸದಸ್ಯರೊಬ್ಬರು ನಿಧನರಾದಾಗ ಮುಂದಿನ ಸಭೆಯು ಸಂತಾಪ ನಿರ್ಣಯದೊಂದಿಗೆ ಆರಂಭವಾಗುವುದು ರೂಢಿ. ಸಭೆಯಲ್ಲಿ ಆಡಿದ ಮಾತುಗಳು ಆ ದಿನಕ್ಕೆ ಮುಗಿಯುತ್ತವೆ. ನಡವಳಿ ಪುಸ್ತಕದಲ್ಲಿ ಬರೆದ ನಿರ್ಣಯ ಉಳಿಯುತ್ತದೆ. ಮೃತರ ಸೇವೆಯ ಬಗ್ಗೆ ಮುಂದೊಂದು ದಿನ ಪ್ರಶ್ನೆ ಬಂದರೆ ಓದುವುದು ಆ ಪುಟವನ್ನೇ. ಆದುದರಿಂದ ದುಃಖವನ್ನು ವ್ಯಕ್ತಪಡಿಸುವಾಗಲೂ ದಾಖಲೆಗಳಿಂದ ತೋರಿಸಬಹುದಾದ ಸಂಗತಿಗಳನ್ನೇ ಬರೆಯಬೇಕು. ದುಃಖದ ವಿಷಯಕ್ಕೂ ಆಡಳಿತದ ವಿಷಯಕ್ಕೂ ನಡುವೆ ಸ್ಪಷ್ಟ ಗೆರೆ ಇರಬೇಕು.

ತಪ್ಪು ಹೆಚ್ಚಾಗಿ ಬರುವುದು ಸೇವಾವಧಿಯನ್ನು ಬರೆಯುವಲ್ಲಿ. "ಮೃತರು ಮೂವತ್ತೈದು ವರ್ಷಗಳಿಂದ ಈ ಗ್ರಾಮ ಪಂಚಾಯತಿಯ ಸದಸ್ಯರಾಗಿದ್ದರು" ಎಂಬ ವಾಕ್ಯವು ಗೌರವದಿಂದಲೇ ಬರುತ್ತದೆ. ಆದರೆ ಗ್ರಾಮ ಪಂಚಾಯತಿ ಎಂಬ ಈಗಿನ ಸಂಸ್ಥೆಯು 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಿಂದ ಬಂದುದು. ಅದಕ್ಕೂ ಮೊದಲು, 1983ರ ಅಧಿನಿಯಮದಡಿ ಇದ್ದುದು ಮಂಡಲ ಪಂಚಾಯತಿ. ಅದರ ಚುನಾವಣೆ ನಡೆದದ್ದು 1987ರಲ್ಲಿ. ಅದಕ್ಕೂ ಹಿಂದಿನ ಗ್ರಾಮ ಪಂಚಾಯತಿಗಳು 1959ರ ಕಾಯಿದೆಯವು. ಹಿರಿಯ ಸದಸ್ಯರೊಬ್ಬರ ಸೇವೆ ಈ ಸಂಸ್ಥೆಗಳಲ್ಲಿ ಎರಡು ಅಥವಾ ಮೂರರಲ್ಲಿ ಹರಡಿರಬಹುದು. ಮೀಸಲಾತಿ ಬದಲಾದ ಕಾರಣದಿಂದಲೋ ಸೋಲಿನಿಂದಲೋ ನಡುವೆ ಒಂದೆರಡು ಅವಧಿ ಅವರು ಸದಸ್ಯರಾಗಿರದೆಯೂ ಇರಬಹುದು. ಅಂತಹ ಅವಧಿಗಳನ್ನು ಸೇರಿಸಿ ಒಟ್ಟು ವರ್ಷ ಎಣಿಸಿದರೆ ಆ ವಾಕ್ಯ ತಪ್ಪಾಗುತ್ತದೆ.

ಜಿಲ್ಲೆಯ ಹಿರಿಯ ನಾಯಕ ಡಿ.ಬಿ. ಚಂದ್ರೇಗೌಡರ ಸೇವೆಯನ್ನು ನೆನೆದರೆ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. 2023ರ ನವೆಂಬರ್ 7ರಂದು ಮೂಡಿಗೆರೆ ತಾಲ್ಲೂಕಿನಲ್ಲಿ ನಿಧನರಾದ ಅವರು ಲೋಕಸಭೆ, ರಾಜ್ಯಸಭೆ, ವಿಧಾನಸಭೆ ಮತ್ತು ವಿಧಾನ ಪರಿಷತ್ತು, ಈ ನಾಲ್ಕು ಸದನಗಳಲ್ಲೂ ಸದಸ್ಯರಾಗಿದ್ದವರು. ಅಂತಹವರನ್ನು "ಹಲವು ವರ್ಷಗಳ ಜನಪ್ರತಿನಿಧಿ" ಎಂದಷ್ಟೇ ಬರೆದರೆ ಯಾವ ಸದನ, ಯಾವ ಕ್ಷೇತ್ರ, ಯಾವ ಚುನಾವಣೆ ಎಂಬುದು ತಿಳಿಯುವುದಿಲ್ಲ. ಗ್ರಾಮ ಪಂಚಾಯತಿ ಸದಸ್ಯರ ವಿಷಯದಲ್ಲೂ ಇದೇ ಕ್ರಮ ಸರಿ: ಸಂಸ್ಥೆಯ ಹೆಸರು, ಕ್ಷೇತ್ರ, ಆಯ್ಕೆಯಾದ ವರ್ಷ.

ಆಲ್ದೂರು ಹೋಬಳಿಯ ಗ್ರಾಮ ಪಂಚಾಯತಿಯೊಂದನ್ನು ಉದಾಹರಣೆಯಾಗಿ ಭಾವಿಸೋಣ. ಸದಸ್ಯರೊಬ್ಬರು ತೀರಿಕೊಂಡಿದ್ದಾರೆ. ಅವರು "1987ರಿಂದ ನಿರಂತರವಾಗಿ ಸದಸ್ಯರು" ಎಂದು ಕುಟುಂಬದವರು ತಿಳಿಸುತ್ತಾರೆ. ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರು ಹಾಜರಾತಿ ಪುಸ್ತಕಗಳನ್ನೂ ಹಳೆಯ ನಡವಳಿಗಳನ್ನೂ ತೆರೆದು ನೋಡಿದಾಗ ಅವರ ಸಹಿ 1987ರ ಚುನಾವಣೆಯ ನಂತರದ ಮಂಡಲ ಪಂಚಾಯತಿಯಲ್ಲಿ, ಬಳಿಕ 1993, 2005 ಮತ್ತು 2020ರ ಚುನಾವಣೆಗಳ ನಂತರದ ಗ್ರಾಮ ಪಂಚಾಯತಿಗಳಲ್ಲಿ ಕಾಣುತ್ತದೆ. 2000, 2010 ಮತ್ತು 2015ರ ಅವಧಿಗಳಲ್ಲಿ ಕಾಣುವುದಿಲ್ಲ. ಆದ್ದರಿಂದ "ನಾಲ್ಕು ಅವಧಿಗಳಲ್ಲಿ" ಎಂದು ಬರೆದು ಚುನಾವಣಾ ವರ್ಷಗಳನ್ನು ನಮೂದಿಸುವುದು ಸರಿ. "ನಿರಂತರವಾಗಿ" ಎಂಬ ಪದ ಬಿಡಬೇಕು. ಇದರಿಂದ ಮೃತರ ಗೌರವಕ್ಕೆ ಕುಂದಿಲ್ಲ. ಸೋತ ನಂತರವೂ ಮತ್ತೆ ಜನರ ಮುಂದೆ ನಿಂತು ಗೆದ್ದರೆಂಬುದನ್ನು ಆ ವರ್ಷಗಳೇ ಹೇಳುತ್ತವೆ.

ಸೇವೆಯ ವಿವರಕ್ಕೂ ಇದೇ ಅಳತೆ. "ಬಡವರ ಬಂಧು, ಧೀಮಂತ ನಾಯಕ" ಎಂಬ ಮಾತು ಯಾವ ಊರಿನ ಯಾರಿಗೂ ಹೊಂದುತ್ತದೆ. ಅದರ ಬದಲು, ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಕುಡಿಯುವ ನೀರಿನ ಕೊಳವೆ ಹಾಕುವಂತೆ ಅವರು ಮಂಡಿಸಿದ ನಿರ್ಣಯವೊಂದು ಹಳೆಯ ನಡವಳಿಯಲ್ಲಿದ್ದರೆ, ಅದರ ದಿನಾಂಕ ಮತ್ತು ಸಂಖ್ಯೆಯೊಂದಿಗೆ ಒಂದು ವಾಕ್ಯ ಬರೆದರೆ ಸಾಕು. ಮರಣದ ದಿನಾಂಕವನ್ನು ಕುಟುಂಬದವರಿಂದ ಖಚಿತಪಡಿಸಿಕೊಂಡೇ ನಮೂದಿಸಬೇಕು. ಮರಣ ಪ್ರಮಾಣ ಪತ್ರ ಬಂದಿದ್ದರೆ ಹೆಸರು ಮತ್ತು ದಿನಾಂಕ ಅದರಂತೆಯೇ ಇರಬೇಕು. ಹಲವು ಧರ್ಮದವರು ಕುಳಿತ ಸಭೆಯಲ್ಲಿ "ಗೌರವ ಸಲ್ಲಿಸಲಾಯಿತು" ಎಂಬ ಮಾತು ಎಲ್ಲರಿಗೂ ಹೊಂದುತ್ತದೆ.

ಎರಡನೆಯ ತಪ್ಪು ಸಭೆಯನ್ನು ಮುಂದೂಡಿದ ವಿಷಯದಲ್ಲಿ ಕಾಣುತ್ತದೆ. ಸಂತಾಪ ಸೂಚಿಸಿ "ಸಭೆಯನ್ನು ಮುಂದೂಡಲಾಯಿತು" ಎಂದು ಬರೆದ ಅದೇ ಪುಟದಲ್ಲಿ, ಅದೇ ದಿನಾಂಕದಡಿ, ನೀರು ಸರಬರಾಜಿನ ಬಿಲ್ಲು ಮಂಜೂರಾದ ನಿರ್ಣಯವಿದ್ದರೆ ಓದುವವರಿಗೆ ಎರಡರಲ್ಲಿ ಒಂದು ಸುಳ್ಳೆಂದು ತೋರುತ್ತದೆ. ಲೆಕ್ಕ ಪರಿಶೋಧನೆಯಲ್ಲಿ ಆ ಬಿಲ್ಲಿನ ಮೇಲೆ ಆಕ್ಷೇಪ ಬರಬಹುದು. ಆದ್ದರಿಂದ ಸಭೆಯು ಮೊದಲೇ ಒಂದನ್ನು ನಿರ್ಧರಿಸಬೇಕು. ಎರಡು ನಿಮಿಷ ಎದ್ದು ನಿಂತು ಮೌನ ಆಚರಿಸಿ ಉಳಿದ ವಿಷಯಗಳನ್ನು ಮುಂದುವರಿಸುವುದಾದರೆ ಹಾಗೆಂದೇ ಬರೆಯಬೇಕು. ಗೌರವಾರ್ಥ ಮುಂದೂಡುವುದಾದರೆ ಸಂತಾಪ ನಿರ್ಣಯವೇ ಆ ದಿನದ ಕೊನೆಯ ನಮೂದಾಗಬೇಕು. ಮುಂದಿನ ಸಭೆಯ ದಿನಾಂಕ ಮತ್ತು ವೇಳೆಯನ್ನು ಸದಸ್ಯರೆಲ್ಲರಿಗೂ ತಿಳಿಸಬೇಕು. ನಿಧನರಾದವರು ಅಧ್ಯಕ್ಷರೇ ಆಗಿದ್ದಲ್ಲಿ ಉಪಾಧ್ಯಕ್ಷರು ಸಭೆಯ ಅಧ್ಯಕ್ಷತೆ ವಹಿಸಿದರೆಂಬುದೂ ದಾಖಲಾಗಬೇಕು.

ಮೂರನೆಯದು, ಸಂತಾಪದ ಭರದಲ್ಲಿ ನೀಡುವ ಭರವಸೆ. "ಮುಖ್ಯ ರಸ್ತೆಗೆ ಮೃತರ ಹೆಸರಿಡಲು, ಕುಟುಂಬಕ್ಕೆ ಪಂಚಾಯತಿ ನಿಧಿಯಿಂದ ನೆರವು ನೀಡಲು ತೀರ್ಮಾನಿಸಲಾಯಿತು" ಎಂಬ ಸಾಲುಗಳನ್ನು ಸಂತಾಪ ನಿರ್ಣಯದಲ್ಲಿ ಸೇರಿಸಬಾರದು. ನಿಧಿಯನ್ನು ಕಾನೂನು ಅನುಮತಿಸಿದ ಉದ್ದೇಶಗಳಿಗೆ ಮಾತ್ರ ಬಳಸಬಹುದು. ಹೆಸರಿಡುವ ಪ್ರಸ್ತಾವವು ಪ್ರತ್ಯೇಕ ವಿಷಯವಾಗಿ ಮುಂದಿನ ಕಾರ್ಯಸೂಚಿಯಲ್ಲಿ ಬರಬೇಕು. ನೆರವೇರದ ಭರವಸೆ ಪುಸ್ತಕದಲ್ಲಿ ಉಳಿದರೆ ಕುಟುಂಬದವರು ಅದನ್ನು ಹಿಡಿದು ಕಚೇರಿಗೆ ಅಲೆಯುವಂತಾಗುತ್ತದೆ. ಸದಸ್ಯರು ಸ್ವಂತ ಹಣದಿಂದ ನೆರವಾಗಲು ನಿರ್ಣಯದ ಅಗತ್ಯವಿಲ್ಲ. ಸ್ಥಾನ ತೆರವಾದ ವರದಿಯೂ ಬೇರೆಯೇ ಪತ್ರದಲ್ಲಿ ಮೇಲಿನ ಕಚೇರಿಗೆ ಹೋಗಬೇಕು. ಸಂತಾಪ ನಿರ್ಣಯವು ಆ ವರದಿಯ ಕೆಲಸ ಮಾಡುವುದಿಲ್ಲ.

ಮೇಲಿನ ಉದಾಹರಣೆಗೆ ಹೊಂದುವ, ನಡವಳಿ ಪುಸ್ತಕದಲ್ಲಿ ನಮೂದಿಸಬಹುದಾದ ಮಾದರಿ ಹೀಗಿದೆ:

"ವಿಷಯ ಸಂಖ್ಯೆ 1: ಸಂತಾಪ ಸೂಚನೆ.

ಈ ಪಂಚಾಯತಿಯ ______ ಕ್ಷೇತ್ರದ ಸದಸ್ಯರಾಗಿದ್ದ ಶ್ರೀ ______ ಅವರು ದಿನಾಂಕ ______ ರಂದು ನಿಧನರಾದ ವಿಷಯವನ್ನು ಅಧ್ಯಕ್ಷರು ಸಭೆಗೆ ತಿಳಿಸಿದರು. ಮೃತರು 1987ರಲ್ಲಿ ಅಂದಿನ ಮಂಡಲ ಪಂಚಾಯತಿಗೆ, ಬಳಿಕ 1993, 2005 ಮತ್ತು 2020ರಲ್ಲಿ ಗ್ರಾಮ ಪಂಚಾಯತಿಗೆ, ಒಟ್ಟು ನಾಲ್ಕು ಅವಧಿಗಳಿಗೆ ಆಯ್ಕೆಯಾಗಿದ್ದರು. ದಿನಾಂಕ ______ ರ ನಿರ್ಣಯ ಸಂಖ್ಯೆ ______ ರಂತೆ ಲೈನ್ ಮನೆಗಳಿಗೆ ಕುಡಿಯುವ ನೀರು ಒದಗಿಸುವ ಪ್ರಸ್ತಾವವನ್ನು ಮಂಡಿಸಿದವರು ಅವರು.

ನಿರ್ಣಯ ಸಂಖ್ಯೆ ______: ಮೃತರ ನಿಧನಕ್ಕೆ ಸಭೆಯು ತೀವ್ರ ಸಂತಾಪ ವ್ಯಕ್ತಪಡಿಸಿ, ಸದಸ್ಯರೆಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿ ಗೌರವ ಸಲ್ಲಿಸಿದರು. ಕುಟುಂಬದವರಿಗೆ ಸಾಂತ್ವನ ತಿಳಿಸಿ, ಈ ನಿರ್ಣಯದ ದೃಢೀಕೃತ ಪ್ರತಿಯನ್ನು ಕಳುಹಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ನಂತರ ಕಾರ್ಯಸೂಚಿಯ ಉಳಿದ ವಿಷಯಗಳನ್ನು ಕೈಗೆತ್ತಿಕೊಳ್ಳಲಾಯಿತು.

ಸೂಚಕರು: ______ ಅನುಮೋದಕರು: ______"

ಸಭೆ ಮುಂದೂಡಿದ್ದಲ್ಲಿ ನಿರ್ಣಯದ ಕೊನೆಯ ವಾಕ್ಯದ ಬದಲಿಗೆ "ಮೃತರ ಗೌರವಾರ್ಥ ಸಭೆಯನ್ನು ದಿನಾಂಕ ______ ರ ______ ಗಂಟೆಗೆ ಮುಂದೂಡಲಾಯಿತು" ಎಂದು ಬರೆಯಬೇಕು. ಖಾಲಿ ಜಾಗಗಳೆಲ್ಲ ತುಂಬಿದ ಮೇಲೆಯೇ ಸಹಿ ಆಗಬೇಕು. ಸಹಿಯಾದ ನಂತರ ಸಾಲುಗಳ ನಡುವೆ ಹೊಗಳಿಕೆಯ ಮಾತು ಸೇರಿಸಿದರೆ ಅದು ತಿದ್ದುಪಡಿಯೆಂದೇ ಕಾಣುತ್ತದೆ. ಇಡೀ ಪುಟದ ಮೇಲೆ ಅನುಮಾನ ಬರುತ್ತದೆ. ಕುಟುಂಬಕ್ಕೆ ಕಳುಹಿಸುವ ಪ್ರತಿಯು ಪುಸ್ತಕದಲ್ಲಿರುವಂತೆ ಅಕ್ಷರಶಃ ಇರಬೇಕು. ಮೃತರ ಮನೆಯವರು ಜೋಪಾನವಾಗಿ ಇಟ್ಟುಕೊಳ್ಳುವುದು ಆ ಒಂದು ಹಾಳೆಯನ್ನೇ.