ಕಿಟಕಿಯ ಬೆಳಕಿಗೆ ಎರಡು ದೀಪಗಳ ಜೊತೆ

ಸಂದರ್ಶನದ ಚಿತ್ರೀಕರಣದಲ್ಲಿ ಮೂರು ಬೆಳಕುಗಳ ಪದ್ಧತಿ ಹಳೆಯದು. ಮುಖದ ಆಕಾರವನ್ನು ತೋರಿಸುವ ಮುಖ್ಯ ಬೆಳಕು ಕೀ ಲೈಟ್. ಅದು ಉಂಟುಮಾಡಿದ ನೆರಳನ್ನು ತಿಳಿಗೊಳಿಸುವುದು ಫಿಲ್ ಲೈಟ್. ತಲೆ, ಭುಜಗಳ ಅಂಚನ್ನು ಬೆಳಗಿಸಿ ವ್ಯಕ್ತಿಯನ್ನು ಹಿಂದಿನ ಗೋಡೆಯಿಂದ ಬಿಡಿಸಿ ತೋರಿಸುವುದು ಬ್ಯಾಕ್ ಲೈಟ್. ಸ್ಟುಡಿಯೋದಲ್ಲಿ ಮೂರಕ್ಕೂ ಬೇರೆ ಬೇರೆ ದೀಪಗಳಿರುತ್ತವೆ. ಮನೆಯ ಸಣ್ಣ ಕೋಣೆಯಲ್ಲಿ ಮೊದಲನೆಯ ಕೆಲಸವನ್ನು ಕಿಟಕಿಗೆ ವಹಿಸಿದರೆ, ಎರಡು ಟೇಬಲ್ ಲ್ಯಾಂಪ್‌ಗಳು ಸಾಕು.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಎಂದಿಟ್ಟುಕೊಳ್ಳೋಣ. ಉದ್ದನೆಯ ಗೋಡೆಯಲ್ಲಿ ಒಂದು ಕಿಟಕಿ. ಮಾತನಾಡುವವರು ಕನ್ನಡಕ ಧರಿಸಿದ, ತಲೆಗೂದಲು ನರೆತ ನಿವೃತ್ತ ಶಿಕ್ಷಕಿ. ಮೊದಲು ಆರಿಸಬೇಕಾದದ್ದು ಟ್ಯೂಬ್‌ಲೈಟ್. ಮೇಲಿನಿಂದ ಬೀಳುವ ಅದರ ಬೆಳಕು ಕಣ್ಣಿನ ಗುಳಿಗಳಲ್ಲಿ ಕಪ್ಪು ತುಂಬುತ್ತದೆ, ಉಳಿದ ದೀಪಗಳ ಕೆಲಸವನ್ನೂ ಕೆಡಿಸುತ್ತದೆ.

ಅವರ ಕುರ್ಚಿ ಕಿಟಕಿಯಿಂದ ನಾಲ್ಕು ಅಡಿ ದೂರದಲ್ಲಿರಲಿ. ಬೆನ್ನ ಹಿಂದಿನ ಗೋಡೆಗೂ ಅವರಿಗೂ ನಡುವೆ ಆದಷ್ಟು ಜಾಗ ಬಿಡಬೇಕು. ಕಿಟಕಿ ಅವರ ಪಕ್ಕಕ್ಕೆ ಸರಿಯಾಗಿ ಇರದೆ, ಸ್ವಲ್ಪ ಮುಂದಕ್ಕೆ ಓರೆಯಾಗಿ ಬರುವಂತೆ ಕುರ್ಚಿ ಹಾಕಿದರೆ, ಕಿಟಕಿಯಾಚೆಗಿನ ಕೆನ್ನೆಯ ಮೇಲೂ ಒಂದು ತುಣುಕು ಬೆಳಕು ಬೀಳುತ್ತದೆ. ಪ್ರಶ್ನೆ ಕೇಳುವವರು ಕ್ಯಾಮೆರಾಕ್ಕೂ ಕಿಟಕಿಗೂ ನಡುವೆ, ಬೆಳಕಿಗೆ ಅಡ್ಡವಾಗದಂತೆ ಕೂರಬೇಕು. ಆಗ ಶಿಕ್ಷಕಿ ಸಹಜವಾಗಿಯೇ ಬೆಳಕಿನ ಕಡೆ ನೋಡುತ್ತ ಮಾತನಾಡುತ್ತಾರೆ. ಮುಖದ ನೆರಳಿನ ಬದಿ ಕ್ಯಾಮೆರಾದತ್ತ ಇರುವುದರಿಂದ ಚಿತ್ರಕ್ಕೆ ಆಳ ಬರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಹಗಲಿನ ಕಿಟಕಿಯ ಮುಂದೆ ಮನೆಯ ಬಲ್ಬು ತೀರಾ ದುರ್ಬಲ. ದೀಪ ಹಚ್ಚಿದರೂ ಆರಿಸಿದರೂ ಪರದೆಯ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನೂ ದೊಡ್ಡ ದೀಪ ತರುವುದಕ್ಕಿಂತ ಕಿಟಕಿಯನ್ನೇ ತಗ್ಗಿಸುವುದು ಜಾಣತನ. ಒಂದು ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕಿಟಕಿಗೆ ಕಟ್ಟಿದರೆ ಬೆಳಕು ಇಳಿಯುತ್ತದೆ, ಮೂಗಿನ ನೆರಳಿನ ಅಂಚೂ ಮೆತ್ತಗಾಗುತ್ತದೆ. ಬಣ್ಣದ ಪರದೆ ಮಾತ್ರ ಬೇಡ, ಅದರ ಬಣ್ಣ ನೇರವಾಗಿ ಮುಖಕ್ಕೆ ಇಳಿಯುತ್ತದೆ.

ಫಿಲ್ ದೀಪವನ್ನು ಮುಖಕ್ಕೆ ನೇರವಾಗಿ ತಿರುಗಿಸಿದರೆ ಮೂಗಿಗೆ ಎರಡನೆಯ ನೆರಳು ಹುಟ್ಟುತ್ತದೆ. ಗೋಡೆಗೆ ಹೊಡೆಸಿದರೆ ಬೆಳಕು ಹರಡಿಕೊಂಡು ಬರುತ್ತದೆ ನಿಜ, ಆದರೆ ನಮ್ಮ ಮನೆಗಳ ಗೋಡೆ ಎಷ್ಟೋ ಸಲ ತಿಳಿ ಹಸಿರು. ಆ ಹಸಿರು ಕೆನ್ನೆಗೆ ಬಂದರೆ ಮನುಷ್ಯ ಕಾಯಿಲೆ ಬಿದ್ದಂತೆ ಕಾಣುತ್ತಾನೆ. ಅದಕ್ಕೆ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಇನ್ನೊಂದು ಬಿಳಿ ಬಟ್ಟೆ ಹಾಕಿ, ಕಿಟಕಿಯ ಎದುರು ಬದಿಯಲ್ಲಿ ನಿಲ್ಲಿಸಿ, 20 ವ್ಯಾಟ್ ಎಲ್‌ಇಡಿ ಬಲ್ಬಿನ ದೀಪವನ್ನು ಅದರತ್ತ ತಿರುಗಿಸಬೇಕು. ಕಿಟಕಿಯ ಬೆಳಕೂ ಅದೇ ಬಟ್ಟೆಗೆ ಬಡಿದು ಮರಳುವುದರಿಂದ ದೀಪಕ್ಕೆ ಬಲ ಸಿಗುತ್ತದೆ. ಇದು ದೊಡ್ಡವರು ನಡೆದ ದಾರಿಯೇ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಛಾಯಾಗ್ರಾಹಕ ಸುಬ್ರತ ಮಿತ್ರ ಸ್ಟುಡಿಯೋದಲ್ಲಿ ಕಟ್ಟಿದ ಕಾಶಿಯ ಮನೆಯ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹಾಯಿಸಿ ಹಗಲಿನ ಮೆದು ಬೆಳಕನ್ನು ಸೃಷ್ಟಿಸಿದ್ದರು.

ಫಿಲ್ ಎಷ್ಟಿರಬೇಕೆಂಬುದನ್ನು ಪರದೆಯೇ ಹೇಳುತ್ತದೆ. ನೆರಳಿನ ಬದಿಯ ಕಣ್ಣು, ಕಿವಿ ಸ್ಪಷ್ಟವಾಗಿ ಕಾಣಬೇಕು, ಆದರೆ ಎರಡೂ ಕೆನ್ನೆ ಒಂದೇ ಸಮ ಬೆಳಗಬಾರದು. ಸಮನಾದರೆ ಮುಖ ಚಪ್ಪಟೆಯಾಯಿತು ಎಂದೇ ಅರ್ಥ. ಸ್ಟ್ಯಾಂಡನ್ನೂ ದೀಪವನ್ನೂ ಒಂದೆರಡು ಅಡಿ ಹಿಂದೆ ಸರಿಸಿದರೆ ಸರಿಹೋಗುತ್ತದೆ.

ಎರಡನೆಯ ದೀಪ ಶಿಕ್ಷಕಿಯ ಹಿಂದೆ, ಕಿಟಕಿಯ ಎದುರು ಬದಿಯಲ್ಲಿ, ಬೀರುವಿನ ಮೇಲಿರಲಿ. ಬಿಳಿ ಕೂದಲು ಬೇಗ ಸುಟ್ಟಂತೆ ಬೆಳ್ಳಗಾಗುವುದರಿಂದ ಇಲ್ಲಿಗೆ 5 ವ್ಯಾಟ್ ಸಾಕು, ಕಪ್ಪು ಕೂದಲಿಗಾದರೆ 9 ವ್ಯಾಟ್ ಬೇಕಾದೀತು. ಚಿತ್ರವೆಲ್ಲ ಮಂಜು ಕವಿದಂತೆ ಮಸುಕಾದರೆ ಆ ದೀಪದ ಬೆಳಕು ಲೆನ್ಸಿಗೆ ಬೀಳುತ್ತಿದೆ ಎಂದು ತಿಳಿಯಬೇಕು. ದೀಪದ ಮುಂಬದಿಗೆ, ಬಲ್ಬಿಗೆ ತಾಗದಂತೆ, ಒಂದು ರಟ್ಟು ಅಡ್ಡ ಇಟ್ಟರೆ ಅದು ನಿಲ್ಲುತ್ತದೆ.

ಬಲ್ಬಿನ ಬಣ್ಣವೂ ಕಿಟಕಿಗೆ ಹೊಂದಬೇಕು. ಹಳದಿ ಬಣ್ಣದ 3000 ಕೆಲ್ವಿನ್ ಬಲ್ಬು ಹಾಕಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿರುವ ಬಲ್ಬು ಹಗಲಿಗೆ ಹತ್ತಿರ. ಪರದೆಯ ಮೇಲೆ ಪಟ್ಟೆಗಳು ತೇಲುತ್ತಿದ್ದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಬೇಕು, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಕನ್ನಡಕದಲ್ಲಿ ಕಿಟಕಿ ಮೂಡಿದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಸ್ವಲ್ಪವೇ ಎತ್ತಿದರಾಯಿತು. ಗಾಜು ಕೆಳಕ್ಕೆ ಬಾಗಿ ಪ್ರತಿಬಿಂಬ ಜಾರುತ್ತದೆ.

ಈ ಏರ್ಪಾಡಿಗೆ ಒಂದು ಮಿತಿಯುಂಟು: ದೀಪಗಳು ಸ್ಥಿರ, ಕಿಟಕಿ ಅಲ್ಲ. ಮೋಡ ಬಂದಾಗ ಫೋನ್ ತಾನಾಗಿಯೇ ಬೆಳಕು ಹೊಂದಿಸಲು ಹೋಗಿ ದೃಶ್ಯ ಮಿಡಿಯುತ್ತದೆ, ಆದ್ದರಿಂದ ಎಕ್ಸ್‌ಪೋಶರ್ ಲಾಕ್ ಮಾಡಿಕೊಳ್ಳಬೇಕು. ನೇರ ಬಿಸಿಲು ಬೀಳದ ಉತ್ತರದ ಕಿಟಕಿ ಸಿಕ್ಕರೆ ಚಿಂತೆ ಕಡಿಮೆ. ಸಂಜೆಯಾಗುತ್ತಿದ್ದಂತೆ ಕಿಟಕಿ ಇಳಿದು ದೀಪಗಳು ಮೇಲಾಗುತ್ತವೆ. ಹೀಗಾಗಿ ಮುಖ್ಯ ಪ್ರಶ್ನೆಗಳನ್ನು ಮೊದಲೇ ಕೇಳಿ, ಆಗಾಗ ನಿಲ್ಲಿಸಿ ಪಂಚೆಯ ಒಂದು ಮಡಿಕೆ ಬಿಚ್ಚಿ, ಲಾಕ್ ಅನ್ನು ಮತ್ತೆ ಹೊಂದಿಸಿಕೊಂಡು ಮುಂದುವರಿಯಬೇಕಾಗುತ್ತದೆ.